ಬೋರ್ಡ್ ನೋಡಿ ಹೇಳೋದಕ್ಕೇ ದುಡ್ಡು: ನಮ್ಮ ಪಿಸಿಬಿ ವರ್ಕ್‌ಶಾಪ್‌ನ ಲೆಕ್ಕ

ಫಸ್ಟ್ ಇಯರ್‌ನ ಎರಡನೇ ಸೆಮ್‌ನಿಂದ ನಾವು ಮೂವರು ಸೇರಿ ಹೊರಗಿನವರಿಗೆ ಪಿಸಿಬಿ ಡಿಸೈನ್ ಮಾಡಿಕೊಡ್ತಿದ್ದೇವೆ. ಪೀಣ್ಯ ಕಡೆಯ ಸಣ್ಣ ವರ್ಕ್‌ಶಾಪ್‌ನವರು ಪಂಪ್ ಕಂಟ್ರೋಲರ್, ಟೈಮರ್ ಅಂತ ಏನಾದರೂ ಕೇಳ್ತಾರೆ. ನಾವು ಕೀಕ್ಯಾಡ್‌ನಲ್ಲಿ ಬರೆದು, ಫ್ಯಾಬ್ರಿಕೇಶನ್‌ಗೆ ಬೇಕಾದ ಗರ್ಬರ್ ಫೈಲ್ ಕೊಡ್ತೇವೆ. ಒಂದು ಬೋರ್ಡಿಗೆ 4000 ರೂಪಾಯಿ, ಸುಮಾರು 12 ಗಂಟೆ ಕೆಲಸ. ಅಂದರೆ ಗಂಟೆಗೆ 333. ಆದರೆ ಕೆಲಸ ಬಂದರೆ ಒಟ್ಟಿಗೆ ಬರುತ್ತೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ. ಆ ಖಾಲಿ ತಿಂಗಳುಗಳಿಗಾಗಿ ಆನ್‌ಲೈನ್ ವರ್ಕ್‌ಶಾಪ್ ಶುರು ಮಾಡಿದೆವು. ಈ ವರ್ಷ ಮೂರು ಬ್ಯಾಚ್ ಆಗಿದೆ. ಕಲಿಸೋಕೆ ಬರುತ್ತೆ ಅಂದುಕೊಂಡವರು ಯಾರಾದರೂ ಇದ್ದರೆ ಈ ಲೆಕ್ಕ ಉಪಯೋಗಕ್ಕೆ ಬರಬಹುದು.

ಮೊದಲ ಬ್ಯಾಚ್‌ಗೆ ‘ಪಿಸಿಬಿ ಡಿಸೈನ್ ಪೂರ್ತಿ ಕಲಿಯಿರಿ’ ಅಂತ ಪೋಸ್ಟರ್ ಹಾಕಿದ್ದೆವು. ಫಾರ್ಮ್‌ನಲ್ಲಿ 43 ಜನ ಹೆಸರು ಕೊಟ್ಟರು. ನಮಗೆ ಖುಷಿಯೋ ಖುಷಿ. ಯುಪಿಐ ಕ್ಯೂಆರ್ ಕಳಿಸಿದಾಗ 499 ರೂಪಾಯಿ ಕಟ್ಟಿದವರು 6 ಜನ. ನಮ್ಮ ಕ್ಲಾಸ್‌ಮೇಟ್ಸ್ ಒಬ್ಬರೂ ಇರಲಿಲ್ಲ. ಅದು ಸರಿಯೇ, ಅವರು ಕ್ಯಾಂಟೀನ್‌ನಲ್ಲೇ ಫ್ರೀಯಾಗಿ ಕೇಳ್ತಾರೆ! ಕಟ್ಟಿದವರಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳು, ಒಬ್ಬ ಪಾಲಿಟೆಕ್ನಿಕ್ ಮೇಷ್ಟ್ರು, ಟಿವಿ ರಿಪೇರಿ ಅಂಗಡಿ ಇಟ್ಟಿರೋ ಒಬ್ಬರು ಇದ್ದರು. ಫಾರ್ಮ್ ತುಂಬಿದವರ ಸಂಖ್ಯೆಗೆ ಅರ್ಥವಿಲ್ಲ ಅಂತ ಅವತ್ತು ಗೊತ್ತಾಯ್ತು. ಈಗ ಮೊದಲು ದುಡ್ಡು, ಆಮೇಲೆ ತಯಾರಿ. ಹತ್ತು ದಿನದಲ್ಲಿ 6 ಜನ ಕಟ್ಟದಿದ್ದರೆ ಎಲ್ಲರಿಗೂ ವಾಪಸ್ ಕೊಟ್ಟು ಸುಮ್ಮನಾಗ್ತೇವೆ.

ಆ ಮೊದಲ ಭಾನುವಾರದ ಮೂರು ಗಂಟೆಯಲ್ಲಿ 1 ಗಂಟೆ 20 ನಿಮಿಷ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿಸೋದರಲ್ಲೇ ಹೋಯ್ತು. ಎರಡನೇ ಭಾನುವಾರ ಯಾರ ಬೋರ್ಡೂ ಮುಗಿಯಲಿಲ್ಲ. ಇದರ ಮೇಲೆ, ಅದೇ ವಾರ ಒಬ್ಬ ಕ್ಲೈಂಟ್‌ಗೆ ಕೊಡಬೇಕಿದ್ದ ಫೈಲ್ ನಾಲ್ಕು ದಿನ ತಡವಾಯ್ತು. ‘ಏನಪ್ಪಾ, ಪಾಠ ಹೇಳೋಕೆ ಟೈಮ್ ಇದೆ, ನಮ್ ಕೆಲ್ಸಕ್ಕಿಲ್ವಾ?’ ಅಂದರು. ಮುಂದಿನ ಬೋರ್ಡ್ ಬೇರೆಯವರಿಗೆ ಕೊಟ್ಟರು. ತಪ್ಪು ನಮ್ಮದೇ.

ಹಣದ ಲೆಕ್ಕ ಹೀಗಿತ್ತು. ಬಂದಿದ್ದು 2994. ಒಬ್ಬೊಬ್ಬರಿಗೂ ಬಿಡಿಭಾಗದ ಕಿಟ್‌ಗೆ 90, ಕೊರಿಯರ್‌ಗೆ 50 ಅಂತ 840 ಖರ್ಚು. ಉಳಿದಿದ್ದು 2154. ತಯಾರಿಗೆ 22 ಗಂಟೆ, ಪಾಠಕ್ಕೆ 6, ಆಮೇಲೆ ವಾಟ್ಸಾಪ್‌ನಲ್ಲಿ ಉತ್ತರ ಕೊಡೋಕೆ 9, ಒಟ್ಟು 37 ಗಂಟೆ. ಗಂಟೆಗೆ 58 ರೂಪಾಯಿ.

ಆ 9 ಗಂಟೆ ವಾಟ್ಸಾಪ್ ಮೆಸೇಜ್‌ಗಳನ್ನು ಮತ್ತೆ ಕೂತು ಓದಿದೆವು. ಟ್ರೇಸ್ ಹೇಗೆ ಎಳೆಯೋದು ಅಂತ ಯಾರೂ ಕೇಳಿರಲಿಲ್ಲ, ಅದಕ್ಕೆ ಯೂಟ್ಯೂಬ್ ಇದೆ. ಎಲ್ಲರದೂ ಒಂದೇ ಪ್ರಶ್ನೆ: ‘ಇದನ್ನ ಫ್ಯಾಬ್‌ಗೆ ಕಳಿಸಬಹುದಾ, ಒಂದ್ಸಲ ನೋಡಿ ಹೇಳ್ತೀರಾ?’ ಆಗ ಹೊಳೀತು, ಜನ ದುಡ್ಡು ಕೊಡೋದು ಮಾಹಿತಿಗಲ್ಲ. ಅವರು ಮಾಡಿದ್ದನ್ನ ಯಾರೋ ಗೊತ್ತಿರೋರು ನೋಡಿ, ತಪ್ಪು ಎಲ್ಲಿದೆ ಅಂತ ಹೇಳೋದಕ್ಕೆ.

ನಮಗೆ ಆ ತಪ್ಪುಗಳು ಗೊತ್ತಿರೋದು ಕ್ಲೈಂಟ್ ಕೆಲಸದಿಂದಲೇ. ಒಂದು ಉದಾಹರಣೆ. ನಾವು ಕೊಟ್ಟ ಒಂದು ರಿಲೇ ಬೋರ್ಡ್ ಕೆಲಸ ಮಾಡ್ತಿಲ್ಲ ಅಂತ ಫೋನ್ ಬಂತು. ಡಿಸೈನ್ ರೂಲ್ ಚೆಕ್‌ನಲ್ಲಿ ಒಂದೂ ಎರರ್ ಇರಲಿಲ್ಲ. ಹೋಗಿ ನೋಡಿದರೆ, ನಾವು BC547 ಟ್ರಾನ್ಸಿಸ್ಟರ್‌ಗೆ ಬರೆದಿದ್ದೆವು, ಅವರು ಎಸ್.ಪಿ. ರೋಡ್‌ನಲ್ಲಿ ಅದರ ಬದಲು PN2222 ತಂದಿದ್ದರು. ಎರಡೂ ನೋಡೋಕೆ ಒಂದೇ ಥರ, ಒಂದು ಕಡೆ ಚಪ್ಪಟೆ ಇರೋ ಕರಿ ಪ್ಲಾಸ್ಟಿಕ್. ಚಪ್ಪಟೆ ಕಡೆಯಿಂದ ಕಾಲು ಕೆಳಗೆ ಹಿಡಿದು ನೋಡಿದರೆ ಮೊದಲನೆಯದು ಕಲೆಕ್ಟರ್, ಬೇಸ್, ಎಮಿಟರ್. ಎರಡನೆಯದು ಎಮಿಟರ್, ಬೇಸ್, ಕಲೆಕ್ಟರ್. ಉಲ್ಟಾ ಸೇರಿಸಿದ ಟ್ರಾನ್ಸಿಸ್ಟರ್‌ಗೆ ಗೇನ್ ತುಂಬಾ ಕಡಿಮೆ, ರಿಲೇ ಎಳೆಯೋಷ್ಟು ಕರೆಂಟ್ ಬರಲ್ಲ. ಬೇಸ್ ಎರಡರಲ್ಲೂ ನಡುವೆ ಇರೋದರಿಂದ, ಬಿಚ್ಚಿ ತಿರುಗಿಸಿ ಹಾಕಿದೆವು, ಸರಿಹೋಯ್ತು. ಟ್ರೇಸ್‌ಗಳ ನಡುವೆ ಎಷ್ಟು ಜಾಗ ಇದೆ ಅಂತ ಚೆಕ್ ಮಾಡೋ ಸಾಫ್ಟ್‌ವೇರ್‌ಗೆ ಅಂಗಡಿಯವನು ಏನು ಕೊಟ್ಟ ಅಂತ ಗೊತ್ತಾಗಲ್ಲ.

ಎರಡನೇ ಬ್ಯಾಚ್‌ನ ಇಡೀ ಪಾಠವನ್ನ ಇಂಥ ತಪ್ಪುಗಳ ಸುತ್ತ ಕಟ್ಟಿದೆವು. ಹೆಸರೂ ಬದಲಾಯ್ತು: ‘ಎರಡು ಭಾನುವಾರ, ಒಂದು ರಿಲೇ ಬೋರ್ಡ್, ಫ್ಯಾಬ್‌ಗೆ ರೆಡಿ’. ಒಂದು ರಿಲೇ, ಒಂದು ಟ್ರಾನ್ಸಿಸ್ಟರ್, ಡಯೋಡ್, ಎಲ್‌ಇಡಿ, ಎರಡು ಸ್ಕ್ರೂ ಟರ್ಮಿನಲ್, ಒಂದೆರಡು ರೆಸಿಸ್ಟರ್, ಅಷ್ಟೇ. ಸರ್ಕ್ಯೂಟ್ ನಾವೇ ಹೊಸದಾಗಿ ಬರೆದದ್ದು. ಕ್ಲೈಂಟ್ ದುಡ್ಡು ಕೊಟ್ಟು ಮಾಡಿಸಿಕೊಂಡ ಬೋರ್ಡನ್ನ ಸ್ಕ್ರೀನ್ ಮೇಲೆ ತೋರಿಸೋದು ಸರಿಯಲ್ಲ, ತಪ್ಪಿನ ಕಥೆ ಹೇಳಬಹುದು ಅಷ್ಟೇ. ಕೀಕ್ಯಾಡ್ ಫ್ರೀ ಮತ್ತು ಓಪನ್ ಸೋರ್ಸ್ ಆಗಿರೋದು ಇಲ್ಲಿ ಅನುಕೂಲ. ದುಡ್ಡು ತಗೊಂಡು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್‌ನಲ್ಲಿ ಪಾಠ ಮಾಡೋಕಾಗುತ್ತಾ?

ಇನ್‌ಸ್ಟಾಲ್ ಮಾಡೋದನ್ನ 14 ನಿಮಿಷದ ವಿಡಿಯೋ ಮಾಡಿ ಮೊದಲೇ ಕಳಿಸಿದೆವು. ಶುಕ್ರವಾರದೊಳಗೆ ಖಾಲಿ ಪ್ರಾಜೆಕ್ಟ್ ತೆರೆದಿರೋ ಸ್ಕ್ರೀನ್‌ಶಾಟ್ ಕಳಿಸಬೇಕು, ಕಳಿಸದವರಿಗೆ ನಾವೇ ಫೋನ್ ಮಾಡ್ತೇವೆ. ಎರಡು ಭಾನುವಾರಗಳ ನಡುವೆ ಅವರಿಗೆ ಒಂದೇ ಹೋಮ್‌ವರ್ಕ್: ಲೇಔಟನ್ನ ಪೇಪರ್ ಮೇಲೆ ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು, ಥರ್ಮಾಕೋಲ್ ಮೇಲಿಟ್ಟು, ಕಿಟ್‌ನಲ್ಲಿರೋ ರಿಲೇ, ಟರ್ಮಿನಲ್‌ಗಳನ್ನ ಚುಚ್ಚಿ ನೋಡೋದು. ಕಾಲು ಗುರುತಿನ ಮೇಲೆ ಕೂರದಿದ್ದರೆ ಫುಟ್‌ಪ್ರಿಂಟ್ ತಪ್ಪು. ಆದರೆ ಜೆರಾಕ್ಸ್ ಅಂಗಡಿ ಪ್ರಿಂಟರ್‌ಗಳು ಎಷ್ಟೋ ಸಲ ಪೇಜಿಗೆ ಹೊಂದಿಸೋಕೆ ಚಿತ್ರವನ್ನ ಕುಗ್ಗಿಸುತ್ತವೆ. ಅದಕ್ಕೆ ಮೂಲೆಯಲ್ಲಿ 50 ಮಿಲಿಮೀಟರ್ ಗೆರೆ ಒಂದನ್ನ ಹಾಕಿಸ್ತೇವೆ. ಸ್ಕೇಲಿಟ್ಟು ಅಳೆದಾಗ 48 ಬಂದರೆ ತಪ್ಪು ಪ್ರಿಂಟ್‌ನದು, ಬೋರ್ಡಿನದಲ್ಲ.

ಎರಡನೇ ಭಾನುವಾರ ಹೊಸ ಪಾಠ ಬಹಳ ಕಡಿಮೆ. ಒಬ್ಬೊಬ್ಬರೂ ಸ್ಕ್ರೀನ್ ಶೇರ್ ಮಾಡ್ತಾರೆ, 10 ನಿಮಿಷ ಅವರ ಬೋರ್ಡ್ ನೋಡ್ತೇವೆ, ಉಳಿದವರು ಕೇಳ್ತಾರೆ. 12 ಜನರಿಗೆ ಎರಡು ಗಂಟೆ ಬೇಕು. ಮೂರು ಗಂಟೆಯ ಸೆಷನ್‌ನಲ್ಲಿ ಅದಕ್ಕಿಂತ ಹೆಚ್ಚು ಹಿಡಿಸಲ್ಲ, ಹಾಗಾಗಿ ಸೀಟು 12ಕ್ಕೇ ನಿಲ್ಲಿಸಿದ್ದೇವೆ. ಬೆಲೆ 799 ಮಾಡಿದೆವು, ಒಬ್ಬರೂ ಚೌಕಾಸಿ ಮಾಡಲಿಲ್ಲ.

11 ಜನ ಬಂದರು. 8789ರಲ್ಲಿ ಕಿಟ್, ಕೊರಿಯರ್ 1540 ಕಳೆದು 7249 ಉಳೀತು. ತಯಾರಿ 4 ಗಂಟೆ, ಪಾಠ 6, ವಾಟ್ಸಾಪ್ 3. ಗಂಟೆಗೆ 557! ಇಲ್ಲಿ ಮೋಸ ಹೋಗಬಾರದು, ಮೊದಲ ಬ್ಯಾಚ್‌ನ 37 ಗಂಟೆಯನ್ನೂ ಸೇರಿಸಿದರೆ ಅದು 188ಕ್ಕೆ ಇಳಿಯುತ್ತೆ. ಮೂರನೇ ಬ್ಯಾಚ್‌ನಲ್ಲಿ 9 ಜನ, ಸರಾಸರಿ 247ಕ್ಕೆ ಏರಿತು. ಪ್ರತಿ ಸಲ ಹತ್ತು ಜನ ಬಂದರೂ ಕ್ಲೈಂಟ್ ಕೆಲಸದ 333 ಮುಟ್ಟೋದು ಐದನೇ ಬ್ಯಾಚ್ ಹೊತ್ತಿಗೆ. ಒಂದೇ ಸಲ ಮಾಡಿ ಬಿಡೋದಾದರೆ ವರ್ಕ್‌ಶಾಪ್‌ಗಿಂತ ಇನ್ನೊಂದು ಬೋರ್ಡ್ ಮಾಡಿಕೊಡೋದೇ ಲಾಭ.

ರೆಕಾರ್ಡ್ ಮಾಡಿ 299ಕ್ಕೆ ಕೋರ್ಸ್ ಅಂತಲೂ ಮಾರಿ ನೋಡಿದೆವು. ನಾಲ್ಕು ಹೋದವು. ತಗೊಂಡ ನಾಲ್ವರೂ ‘ನನ್ ಬೋರ್ಡ್ ನೋಡಿ ಅಣ್ಣ’ ಅಂತಲೇ ಮೆಸೇಜ್ ಮಾಡಿದರು. 299ಕ್ಕೆ ಅದು ಕಟ್ಟೋದಿಲ್ಲ, ನಿಲ್ಲಿಸಿದೆವು. ಆ ವಿಡಿಯೋಗಳು ಈಗ ಮೊದಲ ಭಾನುವಾರಕ್ಕೆ ಮುಂಚೆ ನೋಡಿಕೊಂಡು ಬರೋಕೆ ಅಂತ ಸೀಟಿನ ಜೊತೆಗೇ ಹೋಗುತ್ತವೆ.

ಬ್ಯಾಚ್‌ನ ದಿನಾಂಕವನ್ನೂ ಈಗ ಕ್ಲೈಂಟ್ ಕೆಲಸ ನೋಡಿಯೇ ಇಡ್ತೇವೆ. ಗರ್ಬರ್ ಕಳಿಸಿ ಬೋರ್ಡ್ ತಯಾರಾಗಿ ಬರೋವರೆಗೆ ನಮಗೆ ಮಾಡೋಕೇನೂ ಇರಲ್ಲ, ವರ್ಕ್‌ಶಾಪ್ ಆ ಬಿಡುವಿನಲ್ಲೇ. ನಾಲ್ಕನೇ ಬ್ಯಾಚ್ ಇಂಟರ್ನಲ್ಸ್ ಮುಗಿದ ಮೇಲೆ. ಈ ಸಲ ಕಿಟ್‌ಗಳಲ್ಲಿ ಕೆಲವಕ್ಕೆ ಹೇಳದೆ PN2222 ಹಾಕಿ ಕಳಿಸ್ತೇವೆ, ಎಷ್ಟು ಜನ ಮೇಲಿನ ಅಕ್ಷರ ಓದ್ತಾರೆ ನೋಡೋಣ.