ಸಂಧಿ ಮಾಡುವ ಮುನ್ನ ಎರಡೂ ಕಡೆ ನೋಡಿ

‘ಪ್ರತಿ’ ಎಂಬ ಪದ ‘ಏಕ’ದೊಡನೆ ಸೇರಿದರೆ ‘ಪ್ರತ್ಯೇಕ’. ಅದೇ ‘ಪ್ರತಿ’ ‘ಒಬ್ಬ’ನೊಡನೆ ಸೇರಿದರೆ ‘ಪ್ರತಿಯೊಬ್ಬ’. ‘ಪ್ರತ್ಯೊಬ್ಬ’ ಎಂದು ಯಾರೂ ಬರೆಯುವುದಿಲ್ಲ. ಮೊದಲ ಪದ ಒಂದೇ ಆದರೂ ಸಂಧಿ ಬೇರೆಯಾದದ್ದು ಎರಡನೆಯ ಪದದಿಂದ: ‘ಏಕ’ ಸಂಸ್ಕೃತ, ‘ಒಬ್ಬ’ ಕನ್ನಡ. ಎರಡೂ ಸಂಸ್ಕೃತವಾಗಿದ್ದರೆ ಸಂಸ್ಕೃತ ಸಂಧಿ. ಒಂದು ಕನ್ನಡವಾಗಿದ್ದರೂ ಕನ್ನಡ ಸಂಧಿ. ಇಷ್ಟನ್ನು ಕೈಯಲ್ಲಿ ಹಿಡಿದುಕೊಂಡು ಮುಂದೆ ಹೋಗೋಣ.

ಹಂತ 1: ಪದ ಬಿಡಿಸಿ, ಮೂಲ ಗುರುತಿಸಿ

ಸೇರಿಸಬೇಕಾದ ಪದಗಳ ನಡುವೆ ಕೂಡುಗುರುತು ಹಾಕಿ ಬರೆಯಿರಿ. ಮಹಾಪ್ರಾಣ, ಋಕಾರ, ಷಕಾರ ಕಂಡರೆ ಸಾಮಾನ್ಯವಾಗಿ ಅದು ಸಂಸ್ಕೃತ ಪದ. ಆದರೆ ಈ ಗುರುತನ್ನೇ ನಂಬಿ ಕೂರಬೇಡಿ. ಜನ, ದಿನ, ಹಿತ, ಕಾಲ ಇವುಗಳಲ್ಲಿ ಅಂಥ ಅಕ್ಷರವೇ ಇಲ್ಲ, ಆದರೂ ಸಂಸ್ಕೃತದವು. ಅನುಮಾನವಿದ್ದರೆ ನಿಘಂಟು ತೆರೆಯಿರಿ.

ಹೊಸಬರು ಮರೆಯುವುದು ಇನ್ನೊಂದನ್ನು: ಅನ್ನು, ಇಂದ, ಅಲ್ಲಿ ಮುಂತಾದ ವಿಭಕ್ತಿ ಪ್ರತ್ಯಯಗಳೂ ಇಲ್ಲ, ಎಂದು, ಆಗಿ ಎಂಬವೂ ಕನ್ನಡವೇ. ಹಾಗಾಗಿ ಪದ ಎಷ್ಟೇ ಸಂಸ್ಕೃತಮಯವಾಗಿದ್ದರೂ ಇವು ಸೇರುವಾಗ ಕನ್ನಡ ಸಂಧಿಯೇ ಆಗಬೇಕು. ಗುರು + ಆಜ್ಞೆ ‘ಗುರ್ವಾಜ್ಞೆ’. ಗುರು + ಅನ್ನು ‘ಗುರುವನ್ನು’.

ಹಂತ 2: ಎರಡೂ ಸಂಸ್ಕೃತವಾದರೆ

ಆರಂಭಕ್ಕೆ ಮೂರು ಸ್ವರಸಂಧಿ ಸಾಕು. ಒಂದೇ ಜಾತಿಯ ಸ್ವರಗಳು ಸೇರಿ ದೀರ್ಘವಾದರೆ ಸವರ್ಣದೀರ್ಘ: ಜನ + ಅಭಿಪ್ರಾಯ, ಜನಾಭಿಪ್ರಾಯ. ಅ ಅಥವಾ ಆ ಮುಂದೆ ಇ, ಉ, ಋ ಬಂದು ಏ, ಓ, ಅರ್ ಆದರೆ ಗುಣ: ಮಹಾ + ಉತ್ಸವ, ಮಹೋತ್ಸವ. ಇ, ಉ, ಋ ಮುಂದೆ ಬೇರೆ ಜಾತಿಯ ಸ್ವರ ಬಂದು ಯ, ವ, ರ ಆದರೆ ಯಣ್: ಅತಿ + ಅಂತ, ಅತ್ಯಂತ.

ಇಲ್ಲೊಂದು ತೊಡಕಿದೆ. ಸಂಸ್ಕೃತದ ಆಕಾರಾಂತ ಪದಗಳು ಕನ್ನಡಕ್ಕೆ ಬರುವಾಗ ಎಕಾರ ತಾಳುತ್ತವೆ: ಸಭಾ ‘ಸಭೆ’, ಪರೀಕ್ಷಾ ‘ಪರೀಕ್ಷೆ’. ಸಂಸ್ಕೃತ ಪದದೊಡನೆ ಕೂಡಿಸುವಾಗ ಹಳೆಯ ಆಕಾರಕ್ಕೆ ಮರಳಬೇಕು: ಸಭಾಧ್ಯಕ್ಷ, ಪರೀಕ್ಷಾಧಿಕಾರಿ. ಪ್ರತ್ಯಯ ಹಚ್ಚುವಾಗ ಎಕಾರವೇ ಉಳಿಯುತ್ತದೆ: ಸಭೆಯಲ್ಲಿ, ಪರೀಕ್ಷೆಯಿಂದ. ‘ಜಿಲ್ಲಾಧಿಕಾರಿ’ ಇದೇ ಅಚ್ಚಿನಲ್ಲಿ ಮೂಡಿದ ಪದ. ಜಿಲ್ಲೆ ಸಂಸ್ಕೃತದ್ದಲ್ಲ, ಅರಬ್ಬಿ ಮೂಲದ್ದು. ಬಳಕೆಯಲ್ಲಿ ನೆಲೆಯೂರಿರುವ ಇಂಥದನ್ನು ಹಾಗೆಯೇ ಒಪ್ಪಿಕೊಳ್ಳಿ, ಆದರೆ ಅದನ್ನು ನೋಡಿ ಹೊಸದನ್ನು ಕಟ್ಟಬೇಡಿ.

ಹಂತ 3: ಒಂದಾದರೂ ಕನ್ನಡವಾದರೆ

ಮೊದಲು ಲೋಪವನ್ನು ಪ್ರಯತ್ನಿಸಿ: ಉಳಿಸಬೇಕು + ಎಂದು, ಉಳಿಸಬೇಕೆಂದು. ಹಿಂದಿನ ಸ್ವರ ಹೋದರೂ ಅರ್ಥ ಕೆಡಲಿಲ್ಲ. ಕೆಡುವಂತಿದ್ದರೆ ಆಗಮ ಮಾಡಿ. ಇ, ಈ, ಎ, ಏ, ಐ ಮುಂದೆ ಯಕಾರ (ಸ್ಥಿತಿಯನ್ನು), ಉ, ಊ, ಋ ಮುಂದೆ ವಕಾರ (ಪಿತೃವನ್ನು). ಅಕಾರದ ಮುಂದೆಯೂ ಹಲವು ಕಡೆ ವಕಾರವೇ: ಅಗತ್ಯ + ಇಲ್ಲ, ಅಗತ್ಯವಿಲ್ಲ. ಇಲ್ಲಿ ಗುಣಸಂಧಿ ಮಾಡಿ ‘ಅಗತ್ಯೇಲ್ಲ’ ಎಂದು ಬರೆದು ನೋಡಿ, ಕಿವಿಯೇ ಬೇಡವೆನ್ನುತ್ತದೆ.

ಕನ್ನಡ ಪದದ ಮುಂದಿನ ಕ, ತ, ಪ ಕೆಲವೆಡೆ ಗ, ದ, ಬ ಆಗುವುದು ಆದೇಶ ಸಂಧಿ. ‘ಕಾಲ’ ಸಂಸ್ಕೃತ, ಆದರೂ ಮಳೆಯೊಡನೆ ‘ಮಳೆಗಾಲ’; ಸಂಸ್ಕೃತದ ವರ್ಷಾದೊಡನೆ ‘ವರ್ಷಾಕಾಲ’. ಬೇಸಿಗೆಯೊಡನೆ ಮಾತ್ರ ‘ಬೇಸಿಗೆ ಕಾಲ’ವೇ ರೂಢಿ, ಆದ್ದರಿಂದ ಆದೇಶವನ್ನು ಬಳಕೆ ಕೇಳಿಯೇ ಮಾಡಿ.

ಹಂತ 4: ಸೇರದಿದ್ದರೆ ಬಿಡಿಯಾಗಿ ಬರೆಯಿರಿ

ಗ್ರಾಮ + ಅಭಿವೃದ್ಧಿ ‘ಗ್ರಾಮಾಭಿವೃದ್ಧಿ’ ಆಗುತ್ತದೆ. ಕೆರೆ + ಅಭಿವೃದ್ಧಿ ‘ಕೆರಾಭಿವೃದ್ಧಿ’ ಆಗದು. ‘ಕೆರೆ ಅಭಿವೃದ್ಧಿ’ ಅಥವಾ ‘ಕೆರೆಯ ಅಭಿವೃದ್ಧಿ’ ಎಂದು ಬರೆಯಿರಿ. ಕನ್ನಡ, ಸಂಸ್ಕೃತ ಪದಗಳನ್ನು ಸಮಾಸದಲ್ಲಿ ಬೆರೆಸುವುದನ್ನು ಹಳೆಯ ವೈಯಾಕರಣರು ಅರಿಸಮಾಸವೆಂದು ಕರೆದು, ರೂಢಿಗೆ ಬಂದವನ್ನಷ್ಟೇ ಒಪ್ಪಿದರು. ಕೇಶಿರಾಜ 13ನೇ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಚರ್ಚಿಸಿದ್ದಾನೆ. ಗದ್ಯ ಬರೆಯುವವರಿಗೆ ಷಷ್ಠಿ ವಿಭಕ್ತಿಯೇ ಸುರಕ್ಷಿತ ದಾರಿ ಎಂಬುದು ನನ್ನ ಅಭಿಪ್ರಾಯ.

ಹಂತ 5: ಒಂದು ವಾಕ್ಯ ಕಟ್ಟಿ ನೋಡಿ

ಪಂಚಾಯಿತಿಯ ನಡಾವಳಿಗೆ ಒಂದು ವಾಕ್ಯ ಬೇಕು ಎನ್ನಿ. ಬಿಡಿ ರೂಪ ಹೀಗಿದೆ: ‘ಗ್ರಂಥ + ಆಲಯ + ಅನ್ನು ವಿಸ್ತರಿಸಲು ಅನುದಾನ + ಇಲ್ಲ + ಎಂದು ಅಧ್ಯಕ್ಷರು ತಿಳಿಸಿದರು.’

ಗ್ರಂಥ, ಆಲಯ ಎರಡೂ ಸಂಸ್ಕೃತ, ಸವರ್ಣದೀರ್ಘವಾಗಿ ‘ಗ್ರಂಥಾಲಯ’. ಮುಂದಿನ ‘ಅನ್ನು’ ಕನ್ನಡ. ಅಲ್ಲಿಯೂ ಅಕಾರಕ್ಕೆ ಅಕಾರವೇ ಎದುರಾಗಿದೆ, ಆದರೆ ‘ಗ್ರಂಥಾಲಯಾನ್ನು’ ಆಗದು. ವಕಾರ ಬಂದು ‘ಗ್ರಂಥಾಲಯವನ್ನು’. ಒಂದೇ ಪದದೊಳಗೆ ಎರಡು ಭಾಷೆಯ ಸಂಧಿಗಳು ಹೀಗೆ ಅಕ್ಕಪಕ್ಕ ಕೂರುತ್ತವೆ. ಅನುದಾನ + ಇಲ್ಲ ‘ಅನುದಾನವಿಲ್ಲ’. ಅದಕ್ಕೆ ‘ಎಂದು’ ಸೇರಿಸುವಾಗ ಲೋಪ ಮಾಡಿದರೆ ‘ಇಲ್ಲೆಂದು’ ಆಗಿ, ಓದುವವರು ಅದನ್ನು ಇಲ್ಲಿ + ಎಂದು ಎಂದೂ ಬಿಡಿಸಬಹುದು. ಆದ್ದರಿಂದ ಇಲ್ಲಿಯೂ ವಕಾರಾಗಮವೇ: ‘ಗ್ರಂಥಾಲಯವನ್ನು ವಿಸ್ತರಿಸಲು ಅನುದಾನವಿಲ್ಲವೆಂದು ಅಧ್ಯಕ್ಷರು ತಿಳಿಸಿದರು.’