ಹೋದ ವರ್ಷದ ದರ, ಈ ವರ್ಷದ ತೊಗರಿ: ಲುಕ್ಸಾನು ಯಾಕೆ ಜಾಸ್ತಿ ಭಾರ?

2024ರ ಶುರುವಿನಲ್ಲಿ ಮಾರುಕಟ್ಟೆಯಲ್ಲಿ ತೊಗರಿ ದರ ಕ್ವಿಂಟಲ್‌ಗೆ 10,000 ರೂಪಾಯಿಯ ಹತ್ತಿರ ಇತ್ತು. ಮುಂದಿನ ಸುಗ್ಗಿ ಬರುವಷ್ಟರಲ್ಲಿ ಅದು ಇಳಿದು, 2025ರ ಶುರುವಿನಲ್ಲಿ 7,550 ರೂಪಾಯಿಯ ಬೆಂಬಲ ಬೆಲೆಯ ಸುತ್ತಮುತ್ತ ಬಂದು ನಿಂತಿತು. ಆಗ ನಮ್ಮ ಮಮದಾಪುರದ ಕಡೆ ನಾನು ಹೆಚ್ಚು ಕೇಳಿದ ಮಾತು ಒಂದೇ: "ಹೋದ ವರ್ಷ ಹತ್ತು ಸಾವಿರಕ್ಕ ಮಾರೀನ್ರಿ, ಈಗ ಏಳು ಸಾವಿರಕ್ಕ ಹೆಂಗ ಕೊಡ್ಲಿ?"

ಈ ಮಾತಿನೊಳಗೆ ಒಂದು ಲೆಕ್ಕ ಅಡಗಿದೆ ನೋಡ್ರಿ. ಒಂದು ಕ್ವಿಂಟಲ್ ಬೆಳೆಯೋಕೆ 5,000 ಖರ್ಚಾಗಿದೆ ಅಂದುಕೊಳ್ಳಿ. 7,200ಕ್ಕೆ ಮಾರಿದರೆ 2,200 ಉಳಿಯುತ್ತದೆ. ಅಂದರೆ ಲಾಭ. ಆದರೆ ಮನಸ್ಸು ಖರ್ಚಿನಿಂದ ಎಣಿಸೋದಿಲ್ಲ, ಹೋದ ವರ್ಷದ 10,000ದಿಂದ ಎಣಿಸುತ್ತದೆ. ಅದಕ್ಕೆ 2,800 ಲುಕ್ಸಾನು ಆದಂಗೆ ಕಾಣುತ್ತದೆ.

ಲುಕ್ಸಾನು ಅಂತ ಒಮ್ಮೆ ಅನ್ನಿಸಿದರೆ ನಮ್ಮ ನಡೆಯೇ ಬದಲಾಗುತ್ತದೆ. ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಇದನ್ನು ತೋರಿಸಿದರು. ಅವರು ಜನರ ಮುಂದೆ ಎರಡು ದಾರಿ ಇಟ್ಟರು. ಒಂದು, ಖಚಿತವಾಗಿ 3,000 ಕಳಕೊಳ್ಳೋದು. ಇನ್ನೊಂದು, ನೂರಕ್ಕೆ 80ರಷ್ಟು ಸಾಧ್ಯತೆಯಲ್ಲಿ 4,000 ಕಳಕೊಳ್ಳೋದು, 20ರಷ್ಟು ಸಾಧ್ಯತೆಯಲ್ಲಿ ಏನೂ ಕಳಕೊಳ್ಳದೆ ಪಾರಾಗೋದು. ಸರಾಸರಿ ಲೆಕ್ಕದಲ್ಲಿ ಎರಡನೆಯದರಲ್ಲಿ 3,200 ಹೋಗುತ್ತದೆ, ಅಂದರೆ ಅದೇ ಹೆಚ್ಚು ನಷ್ಟದ್ದು. ಆದರೂ ನೂರಕ್ಕೆ 92 ಜನ ಅದನ್ನೇ ಆರಿಸಿದರು. ಒಂದು ಸಾವಿರ ಸಿಕ್ಕ ಖುಷಿಗಿಂತ ಒಂದು ಸಾವಿರ ಹೋದ ನೋವು ಸುಮಾರು ಎರಡು ಪಟ್ಟು ಭಾರ ಅಂತ ಅವರ ಮುಂದಿನ ಅಧ್ಯಯನ ಹೇಳಿತು. ಆ ನೋವು ತಪ್ಪಿಸಿಕೊಳ್ಳೋಕೆ ನಾವು ಇನ್ನೂ ದೊಡ್ಡ ನಷ್ಟದ ಜೂಜಿಗೆ ಇಳಿಯುತ್ತೇವೆ.

ತೊಗರಿ ಚೀಲ ಮನೆಯಲ್ಲಿ ಇಟ್ಟುಕೊಂಡು ಕೂರೋದು ಇದೇ ಜೂಜು. ಮಾರುವ ತನಕ ಲುಕ್ಸಾನು ಬರೆದಂಗಲ್ಲ ಅಂತ ಮನಸ್ಸು ಸಮಾಧಾನ ಮಾಡಿಕೊಳ್ಳುತ್ತದೆ. ಆದರೆ ಕಾಯುವುದಕ್ಕೂ ಖರ್ಚಿದೆ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಬೆಂಬಲ ಬೆಲೆ ಕೇಂದ್ರಕ್ಕೆ ಮಿತಿಯಷ್ಟು ಕೊಟ್ಟ ಮೇಲೆ ನಿಮ್ಮ ಹತ್ತಿರ 20 ಕ್ವಿಂಟಲ್ ಉಳಿದಿದೆ. ಇವತ್ತಿನ ದರ 7,200. ಈಗಲೇ ಮಾರಿದರೆ ಕೈಗೆ 1,44,000 ಬರುತ್ತದೆ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯ 1 ಲಕ್ಷ ಕೈಸಾಲವೂ ಇದೆ ಅನ್ನಿ. ನಾಲ್ಕು ತಿಂಗಳು ಕಾದರೆ ಬಡ್ಡಿ 8,000. ಚೀಲ, ಬಾಡಿಗೆ ಸೇರಿ 800. ಕಾಳು ಒಣಗಿ, ಹುಳ ಹತ್ತಿ ನೂರಕ್ಕೆ 2 ತೂಕ ಹೋದರೂ 20 ಕ್ವಿಂಟಲ್ 19.6 ಆಗುತ್ತದೆ. ಈಗ 1,52,800ನ್ನು 19.6ರಿಂದ ಭಾಗಿಸಿ. ಸುಮಾರು 7,800 ಬರುತ್ತದೆ. ನಾಲ್ಕು ತಿಂಗಳಾದ ಮೇಲೆ 7,800 ಸಿಕ್ಕರೂ ನಿಮಗೆ ಒಂದು ರೂಪಾಯಿ ಹೆಚ್ಚಾಗಿಲ್ಲ, ಇವತ್ತು ಮಾರಿದ್ದಕ್ಕೆ ಸಮ ಆಯ್ತು ಅಷ್ಟೇ.

ಹಾಗಾಗಿ "ಹತ್ತು ಸಾವಿರ ಯಾವಾಗ ಬರುತ್ತೆ?" ಅಂತ ಕೇಳೋದು ಬಿಟ್ಟು, "7,800 ದಾಟೋಕೆ ಏನು ಕಾರಣ ಇದೆ?" ಅಂತ ಕೇಳಬೇಕು. ನಾವು ಹೋದ ವರ್ಷ ಎಷ್ಟಕ್ಕೆ ಮಾರಿದ್ದೆವು ಅನ್ನೋದು ಮಾರುಕಟ್ಟೆಗೆ ಗೊತ್ತಿರೋದಿಲ್ಲ. ಅದಕ್ಕೆ ಗೊತ್ತಿರೋದು ಆವಕ ಎಷ್ಟು, ಆಮದು ಎಷ್ಟು ಅನ್ನೋದು. ಆ ಸುಗ್ಗಿಯಲ್ಲೇ ಕೇಂದ್ರ ಸರ್ಕಾರ ಸುಂಕವಿಲ್ಲದ ತೊಗರಿ ಆಮದನ್ನು 2026ರ ಮಾರ್ಚ್ 31ರ ತನಕ ಮುಂದುವರಿಸಿತ್ತು. ದರ ಹಳೇ ಮಟ್ಟಕ್ಕೆ ಏರೋದು ಕಷ್ಟ ಅನ್ನೋದಕ್ಕೆ ಅದು ಕಣ್ಣ ಮುಂದಿನ ಗುರುತು. 2025ರ ಮಧ್ಯದ ಹೊತ್ತಿಗೆ ದರ ಇನ್ನೂ ಇಳಿದೇ ಇತ್ತು.

ನೀವು ಕಾಯುತ್ತಿರೋದು ಲೆಕ್ಕದಿಂದಲೋ ನೋವಿನಿಂದಲೋ ಅಂತ ತಿಳಿಯೋಕೆ ಒಂದು ಪರೀಕ್ಷೆ ಇದೆ. ಮನೆಯಲ್ಲಿ ತೊಗರಿ ಇಲ್ಲ, ಜೇಬಿನಲ್ಲಿ 1,44,000 ಇದೆ ಅಂದುಕೊಳ್ಳಿ. ಇವತ್ತು 7,200ರಂತೆ 20 ಕ್ವಿಂಟಲ್ ಕೊಂಡು ನಾಲ್ಕು ತಿಂಗಳು ಇಡ್ತೀರಾ? "ಇಲ್ಲಪ್ಪ" ಅಂತ ಬಾಯಿಗೆ ಬಂದರೆ, ಇದ್ದದ್ದನ್ನು ಇಟ್ಟುಕೊಳ್ಳೋಕೂ ಕಾರಣ ಇಲ್ಲ.

ಹಂಗಂತ ಕಾಯೋದೇ ತಪ್ಪು ಅಲ್ಲ. ಸುಗ್ಗಿಯಲ್ಲಿ ಆವಕ ಜಾಸ್ತಿಯಾಗಿ ದರ ಬಿದ್ದಾಗ ಕಾದು ಗೆದ್ದವರೂ ಇದ್ದಾರೆ. ಸಾಲ ಇಲ್ಲದವರಿಗೆ ಅಥವಾ ನೋಂದಾಯಿತ ಗೋದಾಮಿನಲ್ಲಿ ಇಟ್ಟು, ರಸೀದಿ ಮೇಲೆ ಕಡಿಮೆ ಬಡ್ಡಿಗೆ ಬ್ಯಾಂಕ್ ಸಾಲ ಪಡೆದವರಿಗೆ ಸಮ ಆಗೋ ದರ 7,800ಕ್ಕಿಂತ ಕೆಳಗೇ ಇರುತ್ತದೆ. ಕಾಯೋದಾದರೆ ಮೊದಲ ದಿನವೇ ಮೊಬೈಲ್‌ನಲ್ಲಿ ಎರಡು ಸಾಲು ಬರೆದಿಡಿ: ನನ್ನ ಸಮ ಆಗೋ ದರ ಎಷ್ಟು, ಯಾವ ತಾರೀಖಿಗೆ ಎಷ್ಟೇ ದರ ಇದ್ದರೂ ಮಾರುತ್ತೇನೆ. ಆ ತಾರೀಖು ಬಂದಾಗ "ಇನ್ನೊಂದು ವಾರ ನೋಡೋಣ" ಅನ್ನಿಸಿದರೆ, ಹೊಸ ಕಾರಣ ಏನಾದರೂ ಸಿಕ್ಕಿದೆಯಾ ಅಂತ ನೋಡಿ. ಸಿಗದಿದ್ದರೆ ಚೀಲ ಗಾಡಿಗೆ ಏರಿಸಿ.