ಗ್ರಾಹಕರ ದೂರು: ಎರಡು ವರ್ಷದ ಲೆಕ್ಕವನ್ನು ದೃಶ್ಯದಲ್ಲಿ ತಿಳಿಸುವ ಬಗೆ

ವ್ಯಾಜ್ಯ ಕಾರಣ ಉದ್ಭವಿಸಿದ ದಿನಾಂಕದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದೆಂದು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ 69ನೇ ಕಲಮು ವಿಧಿಸುತ್ತದೆ. ಕಾನೂನು ಕೈಪಿಡಿಯ ಈ ವಾಕ್ಯವನ್ನು ವಿಡಿಯೋ ಚಿತ್ರದಲ್ಲಿ ಹಾಗೆಯೇ ಓದಿಸಿದರೆ, ನೋಡುಗರು ಅವಧಿಯನ್ನು ಖರೀದಿಯ ದಿನದಿಂದಲೇ ಎಣಿಸುವ ಸಂಭವವುಂಟು. ಆದುದರಿಂದ ಅದನ್ನು ಮೂರು ದೃಶ್ಯಗಳಾಗಿ ವಿಂಗಡಿಸುವುದು ಸೂಕ್ತ.

ಮೊದಲನೆಯದು: ಕಂಪ್ಲಿಯ ಗೃಹಿಣಿಯೊಬ್ಬರು 2024ರ ಜೂನ್ 10ರಂದು ಹೊಸಪೇಟೆಯಲ್ಲಿ ಒಂದು ವರ್ಷದ ವಾರಂಟಿಯುಳ್ಳ ಫ್ರಿಜ್ ಕೊಳ್ಳುತ್ತಾರೆ.

ಎರಡನೆಯದು: 2025ರ ಮಾರ್ಚ್ 5ರಂದು ಫ್ರಿಜ್ ಕೆಡುತ್ತದೆ, ಅಂಗಡಿಯವರು ಅಂದೇ ದುರಸ್ತಿಗೆ ನಿರಾಕರಿಸುತ್ತಾರೆ. ನಿರೂಪಕರ ಮಾತು: ‘ಅಮ್ಮಾ, ಲೆಕ್ಕ ಇಂದಿನಿಂದ ಆರಂಭ.’

ಮೂರನೆಯದು: ಗೋಡೆಯ ಕ್ಯಾಲೆಂಡರಿನಲ್ಲಿ 2027ರ ಮಾರ್ಚ್ 5ಕ್ಕೆ ಕೆಂಪು ಗುರುತು. ಅಂಗಡಿಗೆ ಪತ್ರದ ಮೇಲೆ ಪತ್ರ ಬರೆದರೂ ಈ ಗುರುತು ಮುಂದಕ್ಕೆ ಸರಿಯದೆಂಬುದನ್ನು ಇಲ್ಲಿಯೇ ತೋರಿಸಬೇಕು. ತಡವಾದಲ್ಲಿ, ಸಮರ್ಪಕ ಕಾರಣವಿದ್ದರೆ ಆಯೋಗವು ವಿಳಂಬವನ್ನು ಮನ್ನಿಸಬಹುದು. ಆದರೆ ಅದು ದೂರುದಾರರ ಹಕ್ಕಲ್ಲ. ಈ ಮಾತನ್ನು ಬಿಟ್ಟರೆ ತಡವಾದವರು ವೃಥಾ ಕೈಚೆಲ್ಲುತ್ತಾರೆ.

ಚಿತ್ರೀಕರಣಕ್ಕೆ ಮೊದಲು ಕರಡನ್ನು ಕಾನೂನು ಅರಿಯದ ನಾಲ್ವರಿಗೆ ಓದಿ ಹೇಳಿ, ‘ಎಣಿಕೆ ಯಾವ ದಿನದಿಂದ?’ ಎಂದು ಕೇಳಿರಿ. ‘ಬಿಲ್ಲಿನ ದಿನದಿಂದ’ ಎಂಬ ಉತ್ತರ ಬಂದರೆ ಎರಡನೆಯ ದೃಶ್ಯವನ್ನು ಪುನಃ ಬರೆಯತಕ್ಕದ್ದು.